ಮೂರು ನಿಮಿಷಕ್ಕೆ ಎಷ್ಟು ಅಕ್ಷರ? ತುಂಗಭದ್ರಾ ಗೇಟಿನ ವಿಡಿಯೊ ಕುರಿತ ಒಂದು ಪ್ರಕರಣ ಅಧ್ಯಯನ

ಕೊಪ್ಪಳದಲ್ಲಿ ಧ್ವನಿಮುದ್ರಣ ಮತ್ತು ಸಂಕಲನದ ಒಂದು ಸಣ್ಣ ಕೋಣೆಯನ್ನು ನಾನು ನಡೆಸುತ್ತಿದ್ದೇನೆ. ಕಳೆದ ವರ್ಷ ಕಾರಟಗಿ ಕಡೆಯ ರೈತ ಕುಟುಂಬದ ಒಬ್ಬ ಯುವತಿ ತನ್ನ ಚಾನೆಲ್‌ಗಾಗಿ ಬರೆದ ಬರಹವೊಂದನ್ನು ಹಿಡಿದುಕೊಂಡು ಬಂದಳು. ತುಂಗಭದ್ರಾ ಅಣೆಕಟ್ಟಿನ 19ನೇ ಕ್ರಸ್ಟ್ ಗೇಟು 2024ರ ಆಗಸ್ಟ್ 10ರ ರಾತ್ರಿ ಕೊಚ್ಚಿಹೋದದ್ದು, ಆ ಜಾಗಕ್ಕೆ ಸ್ಟಾಪ್ ಲಾಗ್ ಎಂಬ ತಾತ್ಕಾಲಿಕ ತಡೆಯನ್ನು ಇಳಿಸಿದ್ದು, ಆ ದಿನಗಳಲ್ಲಿ ಎಡದಂಡೆ ಕಾಲುವೆಯ ರೈತರು ಪಟ್ಟ ಆತಂಕ, ಇವು ಅದರ ವಸ್ತು. ಯೂಟ್ಯೂಬ್ 2024ರ ಅಕ್ಟೋಬರ್ 15ರಿಂದ ಶಾರ್ಟ್ಸ್ ವಿಡಿಯೊಗಳ ಮಿತಿಯನ್ನು ಒಂದು ನಿಮಿಷದಿಂದ ಮೂರು ನಿಮಿಷಕ್ಕೆ ಏರಿಸಿದ್ದರಿಂದ, ಇಷ್ಟನ್ನೂ ಮೂರು ನಿಮಿಷದ ಒಂದೇ ಶಾರ್ಟ್‌ನಲ್ಲಿ ಹೇಳಿಬಿಡಬಹುದೆಂದು ಅವಳು ಲೆಕ್ಕ ಹಾಕಿದ್ದಳು. ಮನೆಯಲ್ಲಿ ಓದಿ ನೋಡಿದಾಗ ಅದು 5 ನಿಮಿಷ 40 ಸೆಕೆಂಡು ತೆಗೆದುಕೊಂಡಿತ್ತು.

"ಸರ್, ನಿಮಿಷಕ್ಕ ನೂರಾ ಐವತ್ತು ಪದ ಅಂತ ಎಲ್ಲಾರೂ ಹೇಳ್ತಾರ್ರೀ. ಮೂರು ನಿಮಿಷಕ್ಕ ನಾನೂರಾ ಐವತ್ತು. ನಾ ಎಣಿಸಿ ಅಷ್ಟ ಬರದೇನ್ರಿ. ಹಂಗಾರ ನಾ ನಿಧಾನ ಓದಾಕತ್ತೇನೇನ್ರಿ?" ಎಂದು ಕೇಳಿದಳು.

ಅವಳು ನಿಧಾನವಾಗಿ ಓದಿರಲಿಲ್ಲ. ಧ್ವನಿ ಕೇಳಿದಾಗ ನನಗೆ ಅದು ತುಸು ಅವಸರದ ಓದು ಎಂದೇ ಅನಿಸಿತು. ತಪ್ಪಿದ್ದದ್ದು ಅಳತೆಗೋಲು. ನಿಮಿಷಕ್ಕೆ 150 ಪದ ಎಂಬುದು ಇಂಗ್ಲಿಷ್ ಮಾತಿನ ಲೆಕ್ಕ. ಇಂಗ್ಲಿಷಿನಲ್ಲಿ ಬೇರೆ ಬೇರೆ ಪದಗಳಾಗಿ ನಿಲ್ಲುವ ಎಷ್ಟೋ ಸಂಗತಿಗಳು ಕನ್ನಡದಲ್ಲಿ ವಿಭಕ್ತಿ ಪ್ರತ್ಯಯಗಳಾಗಿ, ಕಾಲಸೂಚಕಗಳಾಗಿ, ಸಂಧಿಯಾಗಿ ಒಂದೇ ಪದದೊಳಗೆ ಸೇರಿಕೊಳ್ಳುತ್ತವೆ. ಹಾಗಾಗಿ ಕನ್ನಡದ ಪದ ಉದ್ದ, ನಿಮಿಷಕ್ಕೆ ಹಿಡಿಸುವ ಪದಗಳು ಕಡಿಮೆ. ಅವಳ ಓದಿನ ಪ್ರಕಾರವೇ ಲೆಕ್ಕ ಹಾಕಿದರೆ ನಿಮಿಷಕ್ಕೆ ಬಂದದ್ದು 79 ಪದ ಮಾತ್ರ.

ಹಾಗಾದರೆ 150ರ ಬದಲು 80 ಎಂದು ಇಟ್ಟುಕೊಂಡರೆ ಸಾಲದೇ ಎಂಬ ಪ್ರಶ್ನೆ ಸಹಜ. ಸಾಲದು ಎನ್ನುವುದಕ್ಕೆ ಅವಳ ಬರಹದ ಒಂದು ತುಣುಕೇ ಸಾಕ್ಷಿಯಾಯಿತು. ಒಂದೆಡೆ ಅವಳು "ನೀರು ಬಿಡಬೇಕಾಗಿರುವುದರಿಂದ" ಎಂದು ಬರೆದಿದ್ದಳು. ಅದು ಎರಡು ಪದ, ಹನ್ನೆರಡು ಅಕ್ಷರ. ಅದನ್ನೇ "ನೀರು ಬಿಡಬೇಕು, ಅದಕ್ಕೆ" ಎಂದರೆ ಮೂರು ಪದ, ಒಂಬತ್ತು ಅಕ್ಷರ. ಪದ ಎಣಿಸುವವರಿಗೆ ಎರಡನೆಯದು ಉದ್ದ, ಗಡಿಯಾರ ನೋಡುವವರಿಗೆ ಮೊದಲನೆಯದು ಉದ್ದ. ಗ್ರಾಂಥಿಕವಾಗಿ ಬರೆಯುವವರ ಬರಹದಲ್ಲಿ ಪದಕ್ಕೆ ಐದರ ಹತ್ತಿರ ಅಕ್ಷರಗಳು ಬರಬಹುದು, ಆಡುಮಾತಿನಲ್ಲಿ ಬರೆಯುವವರಲ್ಲಿ ಮೂರೂವರೆಯೂ ಇರಬಹುದು. ಪದವನ್ನು ಮಾನವಾಗಿ ಇಟ್ಟುಕೊಂಡರೆ ಶೈಲಿ ಬದಲಾದಂತೆಲ್ಲ ಲೆಕ್ಕವೂ ಜಾರುತ್ತದೆ. ಒಬ್ಬ ವ್ಯಕ್ತಿ ಸೆಕೆಂಡಿಗೆ ಉಚ್ಚರಿಸುವ ಅಕ್ಷರಗಳ ಸಂಖ್ಯೆ ಅಷ್ಟಾಗಿ ಏರಿಳಿಯುವುದಿಲ್ಲ. ಆದ್ದರಿಂದ ನಾವು ಪದವನ್ನು ಬಿಟ್ಟು ಅಕ್ಷರವನ್ನು ಹಿಡಿದೆವು.

ಅಕ್ಷರ ಎಣಿಸುವಾಗ ಆದ ಎರಡು ತಪ್ಪು

ಇಲ್ಲಿ ಅಕ್ಷರ ಎಂದರೆ ಉಚ್ಚಾರಣೆಯ ಒಂದು ಘಟಕ: "ಕನ್ನಡ" ಎಂಬಲ್ಲಿ ಕ, ನ್ನ, ಡ ಎಂದು ಮೂರು. ಕಂಪ್ಯೂಟರು ತೋರಿಸುವ ಅಕ್ಷರಸಂಖ್ಯೆ ಇದಲ್ಲ. ಯುನಿಕೋಡ್‌ನಲ್ಲಿ ವ್ಯಂಜನ, ಅರ್ಧಾಕ್ಷರದ ಚಿಹ್ನೆ, ಸ್ವರಚಿಹ್ನೆ ಎಲ್ಲವೂ ಬೇರೆ ಬೇರೆ ಸಂಕೇತಗಳಾಗಿರುವುದರಿಂದ "ಕನ್ನಡ" ಎಂಬುದಕ್ಕೆ ಅದು 5 ಎಂದು ಹೇಳುತ್ತದೆ. ಆ ಸಂಖ್ಯೆಯನ್ನೇ ಭಾಗಿಸಲು ಹೊರಟರೆ ಫಲಿತಾಂಶ ಎಲ್ಲಿಗೋ ಹೋಗುತ್ತದೆ. ಸ್ವರ ಮತ್ತು ವ್ಯಂಜನಗಳನ್ನಷ್ಟೇ ಎಣಿಸಿ, ಒತ್ತಕ್ಷರವಾಗಿ ಕೆಳಗೆ ಸೇರಿದವುಗಳನ್ನು ಕಳೆದರೆ ನಮಗೆ ಬೇಕಾದದ್ದು ಸಿಗುತ್ತದೆ. ಅವಳ ಲ್ಯಾಪ್‌ಟಾಪಿನಲ್ಲಿ ಪೈಥಾನ್ ಇದ್ದುದರಿಂದ ಈ ಐದು ಸಾಲು ಸಾಕಾಯಿತು:

```python
import re
def akshara(s):
    letters = re.findall(r'[\u0C85-\u0CB9]', s)
    ottu = re.findall(r'\u0CCD(?=[\u0C95-\u0CB9])', s)
    return len(letters) - len(ottu)
```

"ಗೇಟ್", "ಲಾಗ್" ಎಂಬಂಥ ವ್ಯಂಜನಾಂತ ಪದಗಳಲ್ಲಿ ಕೊನೆಯ ಅರ್ಧಾಕ್ಷರವನ್ನೂ ಇದು ಒಂದೆಂದು ಎಣಿಸುತ್ತದೆ. ನಾಲಿಗೆಗೆ ಅದು ಪೂರ್ತಿ ಒಂದು ಅಕ್ಷರದಷ್ಟು ಹೊತ್ತು ಹಿಡಿಯುವುದಿಲ್ಲ. ಆದರೆ ಇಡೀ ಬರಹದಲ್ಲಿ ಇಂಥವು ಕೆಲವೇ ಇದ್ದುದರಿಂದ ಆ ಸಣ್ಣ ಹೆಚ್ಚಳವನ್ನು ತಿದ್ದುವ ಗೋಜಿಗೆ ನಾವು ಹೋಗಲಿಲ್ಲ.

450 ಪದಗಳ ಬರಹಕ್ಕೆ ಉತ್ತರ 1,890 ಎಂದು ಬಂತು. ಮೊದಲ ತಪ್ಪು ಇಲ್ಲೇ ಇತ್ತು: ಅಂಕಿಗಳು ಲೆಕ್ಕಕ್ಕೇ ಸೇರಿರಲಿಲ್ಲ. ಕಾಗದದ ಮೇಲೆ "2024ರ ಆಗಸ್ಟ್ 10ರ ರಾತ್ರಿ 19ನೇ ಗೇಟು ಕೊಚ್ಚಿಕೊಂಡು ಹೋಯಿತು" ಎಂಬ ವಾಕ್ಯದಲ್ಲಿ ಎಣಿಕೆಗೆ ಸಿಗುವುದು 17 ಅಕ್ಷರ. ಬಾಯಿ ಹೇಳುವುದೋ "ಎರಡು ಸಾವಿರದ ಇಪ್ಪತ್ತನಾಲ್ಕರ ಆಗಸ್ಟ್ ಹತ್ತರ ರಾತ್ರಿ ಹತ್ತೊಂಬತ್ತನೇ ಗೇಟು ಕೊಚ್ಚಿಕೊಂಡು ಹೋಯಿತು" ಎಂದು, ಅಂದರೆ 35 ಅಕ್ಷರ. ಒಂದೇ ವಾಕ್ಯ ಎರಡರಷ್ಟಾಗುತ್ತದೆ. ಅಣೆಕಟ್ಟಿನಂಥ ವಿಷಯದಲ್ಲಿ ಇಸವಿ, ಗೇಟಿನ ಸಂಖ್ಯೆ, ಟಿಎಂಸಿ, ಕ್ಯೂಸೆಕ್ ಇಲ್ಲದೆ ಒಂದು ಪ್ಯಾರಾ ದಾಟುವುದಿಲ್ಲ. ಅವಳ ಬರಹದಲ್ಲಿ 31 ಕಡೆ ಅಂಕಿಗಳಿದ್ದವು. ಎಲ್ಲವನ್ನೂ ಓದುವ ರೀತಿಯಲ್ಲೇ ಬಿಡಿಸಿ ಬರೆಸಿದಾಗ ಮೊತ್ತ 2,080ಕ್ಕೆ ಏರಿತು. 340 ಸೆಕೆಂಡಿನ ಓದಿಗೆ ಭಾಗಿಸಿದರೆ ಸೆಕೆಂಡಿಗೆ 6.1 ಅಕ್ಷರ.

ಎರಡನೆಯ ತಪ್ಪು ಅವಳದೇ ಹಳೆಯ ವಿಡಿಯೊದಿಂದ ಬಂತು. ಒಮ್ಮೆ ಅಳೆದದ್ದನ್ನು ನಂಬಬೇಕೋ ಬೇಡವೋ ಎಂದು, ಹಿಂದೆ ಪ್ರಕಟಿಸಿದ್ದ ವಿಡಿಯೊವೊಂದರ ಬರಹವನ್ನು ಅದರ ಅವಧಿಗೆ ಭಾಗಿಸಿ ನೋಡಿದಳು. ಅಲ್ಲಿ ಸೆಕೆಂಡಿಗೆ 7.3 ಬಂತು. "ನೋಡ್ರಿ ಸರ್, ನಾ ಆವಾಗ ಜೋರ ಓದ್ತಿದ್ದೆ" ಎಂದಳು. ಕಡತ ತೆರೆದು ನೋಡಿದರೆ ಅದು ಸಂಕಲನದಲ್ಲಿ ಉಸಿರು, ನಿಲುಗಡೆ, ತಡವರಿಕೆ ಎಲ್ಲವನ್ನೂ ಕತ್ತರಿಸಿ ಅಂಟಿಸಿದ ಧ್ವನಿ. ಕತ್ತರಿಸಿದ ಧ್ವನಿಯಿಂದ ತೆಗೆದ ವೇಗವನ್ನು ಕತ್ತರಿಸದ ಓದಿಗೆ ಅನ್ವಯಿಸಿದರೆ ಪ್ರತಿ ನಿಮಿಷಕ್ಕೂ ಹತ್ತು ಸೆಕೆಂಡಿನ ಮೇಲೆ ವ್ಯತ್ಯಾಸ ಬೀಳುತ್ತದೆ. ಹೀಗೆ ಕತ್ತರಿಸುವುದು ತಪ್ಪೆಂದಲ್ಲ. ಕ್ಯಾಮೆರಾಕ್ಕೆ ಮುಖ ಕೊಟ್ಟು ಮಾತಾಡುವ ವಿಡಿಯೊಗಳಲ್ಲಿ ಅದು ನಡೆಯುತ್ತದೆ. ಆದರೆ ದೃಶ್ಯದ ಮೇಲೆ ಹರಿಯುವ ನಿರೂಪಣೆಯಲ್ಲಿ ನಿಲುಗಡೆಯೂ ಮಾತಿನ ಭಾಗ, ಅದನ್ನು ಒಳಗೊಂಡ ವೇಗವೇ ನಮಗೆ ಬೇಕು.

ವೇಗವನ್ನು ಅಳೆದ ಬಗೆ

ಒಂದೇ ಓದಿನ ಸರಾಸರಿಗಿಂತ, ಬರಹದ ಬಗೆಗೆ ತಕ್ಕಂತೆ ವೇಗ ಹೇಗೆ ಬದಲಾಗುತ್ತದೆ ಎಂದು ತಿಳಿಯುವುದು ಉಪಯುಕ್ತ ಎನಿಸಿ, ತಲಾ ಎರಡು ನಿಮಿಷದಷ್ಟಾಗುವ ಮೂರು ತುಣುಕುಗಳನ್ನು ಅವಳಿಂದ ಓದಿಸಿದೆ. ತನ್ನ ಅಜ್ಜ ಹೇಳುವ ಕಾಲುವೆ ಬಂದ ಕಾಲದ ಕಥೆಯನ್ನು ಅವಳು ತನ್ನ ಮಾತಿನಲ್ಲೇ ಬರೆದದ್ದು ಮೊದಲನೆಯದು. ಕ್ರಸ್ಟ್ ಗೇಟು ಎಂದರೇನು, ಸರಪಳಿ ಅದನ್ನು ಹೇಗೆ ಎತ್ತುತ್ತದೆ ಎಂಬ ವಿವರಣೆ ಎರಡನೆಯದು. ಬರೀ ಅಂಕಿಗಳೇ ತುಂಬಿದ ಭಾಗ ಮೂರನೆಯದು. ಕ್ರಮವಾಗಿ ಸೆಕೆಂಡಿಗೆ 6.8, 6.1 ಮತ್ತು 5.4 ಅಕ್ಷರ ಬಂದವು. ಮೂರನೆಯದರಲ್ಲಿ ಅಂಕಿಗಳನ್ನು ಬಿಡಿಸಿ ಎಣಿಸಿದ ಮೇಲೂ ವೇಗ ತಗ್ಗಿತ್ತು, ಏಕೆಂದರೆ ಸಂಖ್ಯೆಯ ಮುಂದೆ ಹಿಂದೆ ಯಾರೇ ಆದರೂ ಒಂದು ಕ್ಷಣ ನಿಲ್ಲುತ್ತಾರೆ.

ಪ್ರತಿ ತುಣುಕಿನಲ್ಲೂ ಮೊದಲ ಅರ್ಧ ನಿಮಿಷದ ವೇಗ ಉಳಿದ ಭಾಗಕ್ಕಿಂತ ಹೆಚ್ಚಿತ್ತು. ಮೈಕಿನ ಮುಂದೆ ಕುಳಿತಾಗಿನ ಅಂಜಿಕೆ ಇಳಿಯುವವರೆಗೆ ಎಲ್ಲರೂ ಹೀಗೆಯೇ ಓಡುತ್ತಾರೆ. ಮೂವತ್ತು ಸೆಕೆಂಡು ಓದಿ, ಅಷ್ಟರಲ್ಲಿ ಬಂದ ಅಕ್ಷರಗಳನ್ನು ಎರಡರಿಂದ ಗುಣಿಸುವವರ ಅವಧಿಯ ಅಂದಾಜು ಯಾವಾಗಲೂ ಕಡಿಮೆಯಾಗುವುದು ಇದೇ ಕಾರಣಕ್ಕೆ.

ಹಳಗನ್ನಡ ಓದಿದವರು ಇಲ್ಲಿ ಒಂದು ಆಕ್ಷೇಪ ಎತ್ತಬಹುದು: ಎಲ್ಲ ಅಕ್ಷರಗಳೂ ಒಂದೇ ಹೊತ್ತು ಹಿಡಿಯುವುದಿಲ್ಲ, ಲಘುವಿಗೆ ಒಂದು ಮಾತ್ರೆ, ಗುರುವಿಗೆ ಎರಡು. "ಬಿಡುವುದು" ಎಂಬುದು ನಾಲ್ಕು ಅಕ್ಷರ, ನಾಲ್ಕು ಮಾತ್ರೆ. "ಬಂದಿದ್ದಾರೆ" ಎಂಬುದೂ ನಾಲ್ಕೇ ಅಕ್ಷರ, ಆದರೆ ಏಳು ಮಾತ್ರೆ. ಆಕ್ಷೇಪ ಸರಿಯಾದದ್ದೇ. ಕುತೂಹಲಕ್ಕೆ ಎರಡು ಪುಟಗಳಿಗೆ ಪ್ರಸ್ತಾರ ಹಾಕಿ ಮಾತ್ರೆಯನ್ನೂ ಎಣಿಸಿ ನೋಡಿದೆ. ಉದ್ದ ಬರಹದಲ್ಲಿ ಲಘು-ಗುರುಗಳು ಹೆಚ್ಚು ಕಡಿಮೆ ಒಂದೇ ಪ್ರಮಾಣದಲ್ಲಿ ಬೆರೆಯುವುದರಿಂದ ಅಕ್ಷರದ ಲೆಕ್ಕಕ್ಕೂ ಮಾತ್ರೆಯ ಲೆಕ್ಕಕ್ಕೂ ಹೇಳಿಕೊಳ್ಳುವಂಥ ವ್ಯತ್ಯಾಸ ಬರಲಿಲ್ಲ. ಮೂರು ಸೆಕೆಂಡಿನ ದೃಶ್ಯಕ್ಕೆ ಸರಿಯಾಗಿ ಕೂರಬೇಕಾದ ಒಂದೇ ಸಾಲು ಇದ್ದರೆ ಮಾತ್ರ ಮಾತ್ರೆ ಎಣಿಸುವುದು ಸಾರ್ಥಕ.

ಮೂರು ನಿಮಿಷವೇ, ಆರು ನಿಮಿಷವೇ

2,080 ಅಕ್ಷರವನ್ನು ಮೂರು ನಿಮಿಷಕ್ಕೆ ಇಳಿಸಲು ಅವಳು ಮೊದಲು ಯೋಚಿಸಿದ್ದು ವೇಗ ಹೆಚ್ಚಿಸುವ ದಾರಿ. 340 ಸೆಕೆಂಡನ್ನು 180ಕ್ಕೆ ತರಲು ಧ್ವನಿಯನ್ನು ಸುಮಾರು 1.9 ಪಟ್ಟು ಓಡಿಸಬೇಕು. ಅದನ್ನು ಯಾರೂ ಕೇಳಲಾರರು. ಬಾಯಿಂದಲೇ ಬೇಗ ಓದುತ್ತೇನೆಂದು ಒಮ್ಮೆ ಓದಿದಳು. ಆಗ ಆದದ್ದು ವಿಚಿತ್ರ: "ಅಣೆಕಟ್ಟಿನಲ್ಲಿ" ಎಂಬುದು "ಅಣೆಕಟ್ನಲ್ಲಿ" ಆಯಿತು, "ಕಾಲುವೆಗೆ" ಎಂಬುದು "ಕಾಲ್ವೆಗೆ" ಆಯಿತು. ನಾಲಿಗೆ ವೇಗ ಹೆಚ್ಚಿಸುವ ಬದಲು ನಡುವಿನ ಸ್ವರಗಳನ್ನು ನುಂಗಿತ್ತು. ಆ ಧ್ವನಿಯನ್ನು ಮನೆಗೆ ಒಯ್ದು ಅಜ್ಜನಿಗೆ ಕೇಳಿಸಿದಾಗ ಅವರು ಕೇಳಿದ್ದು ಒಂದೇ ಪ್ರಶ್ನೆಯಂತೆ: "ಎಷ್ಟನೇ ಗೇಟು ಹೋತಂತ ಅಂದಿ ಯವ್ವಾ?" ವಿಡಿಯೊದ ತಿರುಳೇ ಆ ಸಂಖ್ಯೆ. ಓದು ಅತಿವೇಗವಾಗಿದೆಯೇ ಎಂದು ತಿಳಿಯಲು ನನಗೆ ಗೊತ್ತಿರುವ ಸರಳ ಪರೀಕ್ಷೆ ಇದೇ. ವಿಷಯ ತಿಳಿಯದ ಒಬ್ಬರಿಗೆ ಒಮ್ಮೆ ಕೇಳಿಸಿ, ಅದರಲ್ಲಿ ಬಂದ ಮೂರು ಸಂಖ್ಯೆ ಅಥವಾ ಹೆಸರುಗಳನ್ನು ಕೇಳಬೇಕು.

ಆಗ ಲೆಕ್ಕವನ್ನು ತಿರುಗಿಸಿ ಹಾಕಿದೆವು. ಮಿತಿ 180 ಸೆಕೆಂಡು. ಅಂಚಿಗೆ ತಾಗದಿರಲೆಂದು 170 ಎಂದು ಇಟ್ಟುಕೊಂಡೆವು. ಗೇಟುಗಳಿಂದ ನೀರು ಧುಮ್ಮಿಕ್ಕುವ ಸದ್ದು ಮಾತ್ರ ಇರುವ ಆರಂಭಕ್ಕೆ ಆರು ಸೆಕೆಂಡು, ನಡುವೆ ಎರಡು ಕಡೆ ದೃಶ್ಯ ತಾನೇ ಮಾತಾಡಲೆಂದು ಎಂಟು, ಕೊನೆಗೆ ನಾಲ್ಕು, ಒಟ್ಟು 18 ಸೆಕೆಂಡು ಮಾತಿಲ್ಲ. ಉಳಿದ 152 ಸೆಕೆಂಡಿಗೆ 6.1ರಂತೆ 927 ಅಕ್ಷರ, ಅದರಲ್ಲಿ ನೂರಕ್ಕೆ ಐದನ್ನು ತಡವರಿಕೆಗೆಂದು ಬಿಟ್ಟರೆ 880. ಪದದಲ್ಲಿ ಹೇಳುವುದಾದರೆ ಸುಮಾರು 190. ಅವಳು ಬರೆದದ್ದರ ಅರ್ಧಕ್ಕಿಂತ ಕಡಿಮೆ.

ಈ 880 ಎಂಬ ಸಂಖ್ಯೆ ಎದುರಿಗೆ ಬಂದ ಮೇಲೆ ಚರ್ಚೆಯ ಸ್ವರೂಪವೇ ಬದಲಾಯಿತು. ಅಲ್ಲಿಯವರೆಗೆ "ಯಾವ ಸಾಲು ತೆಗೆಯಲಿ" ಎಂದು ಕೇಳುತ್ತಿದ್ದವಳು, ಬರಹದಲ್ಲಿ ಎರಡು ವಿಡಿಯೊಗಳಿವೆ ಎಂಬುದನ್ನು ತಾನೇ ಗಮನಿಸಿದಳು. ಗೇಟಿನ ಕಥೆ 1,180 ಅಕ್ಷರ, ಕಾಲುವೆಯ ಕಥೆ 900. ಗೇಟು ಹೋದ ರಾತ್ರಿ, ಒತ್ತಡ ಇಳಿಸಲು ಉಳಿದ ಗೇಟುಗಳನ್ನು ಎತ್ತಿದ್ದು, ಹರಿಯುವ ನೀರಿನಲ್ಲೇ ಸ್ಟಾಪ್ ಲಾಗ್ ಇಳಿಸಿದ್ದು, ಇದಕ್ಕೆ ಆದಿಯೂ ಅಂತ್ಯವೂ ಇದೆ, ಶಾರ್ಟ್‌ಗೆ ಒಪ್ಪುತ್ತದೆ. ಮುನಿರಾಬಾದಿನಿಂದ ಹೊರಟು ಗಂಗಾವತಿ, ಸಿಂಧನೂರು, ಮಾನ್ವಿ ಕಡೆ ಸಾಗುವ ಎಡದಂಡೆಯ ನೀರು ಮತ್ತು ಅದನ್ನು ನಂಬಿದ ಭತ್ತದ ಮಾತು ಬೇರೆ ಜಾಯಮಾನದ್ದು, ಅದಕ್ಕೆ ಸಾವಕಾಶ ಬೇಕು.

1,180ರಿಂದ 880ಕ್ಕೆ ಇಳಿಸುವಾಗ ಸಂಗತಿಗಳನ್ನು ಹೆಚ್ಚೇನೂ ಬಿಡಬೇಕಾಗಲಿಲ್ಲ. ಹೆಚ್ಚಿನ ಉಳಿತಾಯ ಅಂಕಿಗಳಿಂದ ಬಂತು. ಜಲಾಶಯದ ಸಾಮರ್ಥ್ಯ 105.788 ಟಿಎಂಸಿ ಎಂಬುದನ್ನು ಓದಲು 16 ಅಕ್ಷರ ಬೇಕು. ನಿಖರ ಸಂಖ್ಯೆಯನ್ನು ಪರದೆಯ ಮೇಲೆ ತೋರಿಸಿ ಬಾಯಲ್ಲಿ "ನೂರ ಐದು ಟಿಎಂಸಿಯಷ್ಟು" ಎಂದರೆ ಒಂಬತ್ತು. ಪೂರ್ಣಾಂಕ ಮಾಡಿ "ನೂರ ಆರು" ಎನ್ನಲು ಅವಳು ಯತ್ನಿಸಿದ್ದಳು. ಅದು ಕಿವಿಗೆ "ನೂರಾರು" ಎಂದು ಬಿದ್ದು ಅರ್ಥವೇ ಕೆಟ್ಟಿತು. 2024 ಎಂಬ ಇಸವಿ ನಾಲ್ಕು ಸಲ ಬಂದಿತ್ತು, ಒಂದೇ ಸಲಕ್ಕೆ ಸಾಕಾಯಿತು.

ಉಳಿದದ್ದು ಭಾಷೆಯಿಂದ ಬಂತು. ಅವಳು ಮಾತಾಡುವುದು ನಮ್ಮ ಸೀಮೆಯ ಕನ್ನಡ, ಬರೆದದ್ದು ಪಠ್ಯಪುಸ್ತಕದ ಕನ್ನಡ. "ಬಿಟ್ಟಿದ್ದಾರೆ" ಎಂಬಲ್ಲಿ "ಬಿಟ್ಟಾರ", "ಬರುತ್ತದೆ" ಎಂಬಲ್ಲಿ "ಬರ್ತೈತಿ" ಎಂದರೆ ಒಂದೊಂದು ಕ್ರಿಯಾಪದಕ್ಕೆ ಒಂದೊಂದು ಅಕ್ಷರ ಉಳಿಯುತ್ತದೆ, ಮೇಲಾಗಿ ಸರಾಗವಾಗಿ ಓಡುತ್ತದೆ. ಪೂರ್ತಿ ಆಡುಮಾತಿಗೆ ಹೋಗಲು ಅವಳಿಗೆ ಸಂಕೋಚವಿತ್ತು. ಮೈಸೂರು ಕಡೆಯವರಿಗೆ ತಿಳಿಯಲಿಕ್ಕಿಲ್ಲ ಎಂಬ ಅಳುಕು. ಕೊನೆಗೆ ಘಟನೆಯನ್ನು ಶಿಷ್ಟ ಕನ್ನಡದಲ್ಲಿ, ರೈತರ ಮಾತನ್ನು ಅವರದೇ ನುಡಿಯಲ್ಲಿ ಇಟ್ಟಳು. ನನ್ನ ಮಟ್ಟಿಗೆ ಪೂರ್ತಿ ಆಡುಮಾತೇ ಇನ್ನೂ ಚೆನ್ನಾಗಿರುತ್ತಿತ್ತು, ಆದರೆ ಧ್ವನಿ ಅವಳದು.

ತಿದ್ದಿದ ಬರಹ 884 ಅಕ್ಷರಕ್ಕೆ ನಿಂತಿತು. 6.1ರ ಲೆಕ್ಕದಲ್ಲಿ 145 ಸೆಕೆಂಡು ಆಗಬೇಕಿತ್ತು, 149 ಆಯಿತು. "ಸ್ಟಾಪ್ ಲಾಗ್" ಎಂಬುದು ಬಂದಲ್ಲೆಲ್ಲ ಅವಳು ತಡೆದು ಹೇಳಿದ್ದೇ ಆ ನಾಲ್ಕು ಸೆಕೆಂಡಿಗೆ ಕಾರಣ; ರೂಢಿಯಲ್ಲಿಲ್ಲದ ಪದ ಎಷ್ಟೇ ಚಿಕ್ಕದಾದರೂ ವೇಗ ತಗ್ಗಿಸುತ್ತದೆ. ನಾವು ಬಿಟ್ಟಿದ್ದ ಅಂತರದೊಳಗೇ ಅದು ಅಡಗಿದ್ದರಿಂದ, ಮಾತಿಲ್ಲದ 18 ಸೆಕೆಂಡು ಸೇರಿ ವಿಡಿಯೊ 2 ನಿಮಿಷ 47 ಸೆಕೆಂಡಿಗೆ ಮುಗಿಯಿತು. ಅಜ್ಜ ಈ ಸಲ "ಹತ್ತೊಂಬತ್ತು" ಎಂದು ಸರಿಯಾಗಿ ಹೇಳಿದರಂತೆ.

ಎರಡನೆಯ ವಿಡಿಯೊ

ಕಾಲುವೆಯ ಭಾಗಕ್ಕೆ ಸ್ವಂತ ಪೀಠಿಕೆ ಸೇರಿಸಿ ಬೆಳೆಸಿದಾಗ ಅದು 1,430 ಅಕ್ಷರವಾಯಿತು. ಅಷ್ಟರಲ್ಲಿ ಪರಿಚಯದವರೊಬ್ಬರು ಅವಳಿಗೆ ಎಂಟು ನಿಮಿಷದ ಸಲಹೆ ಕೊಟ್ಟಿದ್ದರು. ಯೂಟ್ಯೂಬ್‌ನಲ್ಲಿ ಎಂಟು ನಿಮಿಷ ಅಥವಾ ಅದಕ್ಕಿಂತ ಉದ್ದದ ವಿಡಿಯೊಗಳ ನಡುವೆ ಮಾತ್ರ ಜಾಹೀರಾತು ಹಾಕಲು ಅವಕಾಶ ಇರುವುದರಿಂದ ಈ ಸಂಖ್ಯೆ ಎಲ್ಲರ ಬಾಯಲ್ಲೂ ಇದೆ. ಅವಳ ಚಾನೆಲ್‌ಗೆ ಇನ್ನೂ ಜಾಹೀರಾತಿನ ಅರ್ಹತೆಯೇ ಬಂದಿರಲಿಲ್ಲ, ಆ ಮಾತು ಹಾಗಿರಲಿ.

ಈ ವಿಡಿಯೊದಲ್ಲಿ ಅಜ್ಜನೇ ಕಾಲುವೆಯ ದಂಡೆಯ ಮೇಲೆ ಕುಳಿತು ಮಾತಾಡುವ 55 ಸೆಕೆಂಡು ಇತ್ತು. ಇಂಥ ಮಾತನ್ನು ಮೊದಲೇ ಅಕ್ಷರ ಎಣಿಸಿ ಅಂದಾಜು ಮಾಡಲಾಗದು. ಚಿತ್ರೀಕರಿಸಿ ತಂದ ಮೇಲೆ ಎಣಿಸಿ ನೋಡಿದರೆ ಅವರ ವೇಗ ಸೆಕೆಂಡಿಗೆ 4.6 ಇತ್ತು. ನಡುನಡುವೆ ನೀರಿನತ್ತ ನೋಡಿ ಸುಮ್ಮನಾಗುತ್ತಿದ್ದರು. ಅದನ್ನು ಕತ್ತರಿಸಲು ಅವಳಿಗೂ ಮನಸ್ಸಿರಲಿಲ್ಲ, ನನಗೂ ಇರಲಿಲ್ಲ. ಅಜ್ಜ ಹೇಳಿದ್ದನ್ನೇ ಅವಳ ನಿರೂಪಣೆಯೂ ಹೇಳುತ್ತಿದ್ದ ಕಡೆಗಳನ್ನು ಹುಡುಕಿದಾಗ, 55 ಸೆಕೆಂಡಿಗೆ ಅವಳ ವೇಗದಲ್ಲಿ ಹಿಡಿಸುವ ಸುಮಾರು 335 ಅಕ್ಷರ ಸರಿಯಾಗಿ ಕಳೆಯಲು ಸಿಕ್ಕಿತು. ಉಳಿದ 1,095 ಅಕ್ಷರಕ್ಕೆ ಮೂರು ನಿಮಿಷ, ಅಜ್ಜನಿಗೆ 55 ಸೆಕೆಂಡು, ಬರೀ ದೃಶ್ಯಕ್ಕೆ 40, ಒಟ್ಟು 4 ನಿಮಿಷ 35 ಸೆಕೆಂಡು.

ಎಂಟು ನಿಮಿಷ ಮುಟ್ಟಲು ಇನ್ನೂ 205 ಸೆಕೆಂಡು ಬೇಕಿತ್ತು, ಅಂದರೆ 1,250 ಅಕ್ಷರ. ಅವಳ ಬಳಿ ಹೇಳಲು ಉಳಿದಿದ್ದ ಮಾತು ಅಷ್ಟಿರಲಿಲ್ಲ. ಇಡೀ ನಿರೂಪಣೆಗಿಂತ ಹೆಚ್ಚಿನದನ್ನು ಹೊಸದಾಗಿ ಹುಟ್ಟಿಸಬೇಕಾಗಿತ್ತು. ಆ ಸಂಖ್ಯೆಯನ್ನು ನೋಡಿ ನಕ್ಕು, "ಬ್ಯಾಡ್ರಿ ಸರ್, ನಾಲ್ಕೂವರಿಗೇ ಇರ್ಲಿ" ಎಂದಳು.